ಎನ್‌ಎಡಿ ಅಂದರೆ ‘ನೋಡಿಲ್ಲ’

(ಮಂಗಳೂರಿನಲ್ಲಿ ಹೌಸ್ ಸರ್ಜನ್‌ಗಳು ಮತ್ತು ನರ್ಸ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಮೊದಲು ಒಂದು ಸರ್ಜರಿ ನೋಟ್ ಓದುತ್ತೇನೆ, ಕೇಳಿ. ರಾತ್ರಿ 11 ಗಂಟೆ 10 ನಿಮಿಷಕ್ಕೆ ಬರೆದದ್ದು.

“56 ವರ್ಷ, ಗಂಡಸು. ಬಲ ತೊಡೆಸಂದಿನ ಹರ್ನಿಯಾ, ಸಂಜೆ 4ರಿಂದ ಒಳಗೆ ಹೋಗುತ್ತಿಲ್ಲ, ನೋವು. ಹೊಟ್ಟೆ ಉಬ್ಬರ. ವಾಂತಿ ಎರಡು ಸಲ. ಶುಗರ್, ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಹೃದಯ, ಶ್ವಾಸಕೋಶ ಎನ್‌ಎಡಿ. ರಾತ್ರಿ 10ರಿಂದ ಎನ್‌ಬಿಎಂ. ಎಎಸ್‌ಎ 2. ತುರ್ತು ಆಪರೇಷನ್. ಅನೆಸ್ತೇಶಿಯಾ ಫಿಟ್‌ನೆಸ್ ಬೇಕು.”

ಇದು ಒಬ್ಬರದೇ ಕಥೆಯಲ್ಲ. ನಾನು ಕಂಡ ಮೂರ್ನಾಲ್ಕು ಜನರನ್ನು ಸೇರಿಸಿ ಒಬ್ಬರನ್ನಾಗಿ ಮಾಡಿದ್ದೇನೆ. ಆದರೆ ನೋಟ್ ಇಂಥದ್ದೇ ಇರುತ್ತದೆ, ನೀವೂ ನೋಡಿರುತ್ತೀರಿ.

ಈ ನೋಟ್‌ನಲ್ಲಿ ತಪ್ಪೇನಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಬರೆದವರು ಸರ್ಜನ್. ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಸಿಕ್ಕಿಹಾಕಿಕೊಂಡ ಕರುಳು ಸಾಯುವ ಮೊದಲು ಬಿಡಿಸಬೇಕಾ? ಆ ಪ್ರಶ್ನೆಗೆ ನೋಟ್ ಸರಿಯಾಗಿಯೇ ಉತ್ತರ ಕೊಡುತ್ತದೆ. ಅನೆಸ್ತೇಶಿಯಾ ಕೊಡುವ ನಮ್ಮ ಪ್ರಶ್ನೆ ಬೇರೆ. ಈ ಮನುಷ್ಯನಿಗೆ ಪ್ರಜ್ಞೆ ತಪ್ಪಿಸಿದರೆ ಉಸಿರಿನ ದಾರಿ ನಮ್ಮ ಕೈಗೆ ಸಿಗುತ್ತದಾ? ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದಾ? ಅವರ ಪ್ರಶ್ನೆಗೆ ಬರೆದ ಉತ್ತರವನ್ನು ನಮ್ಮ ಹಾಳೆಗೆ ಸುಮ್ನೆ ನಕಲು ಮಾಡಿದರೆ ಹಾಳೆ ತುಂಬುತ್ತದೆ, ಅಷ್ಟೇ.

ಪಿಎಸಿ ಹಾಳೆ, ಅಂದರೆ ಅರಿವಳಿಕೆಗೆ ಮುಂಚಿನ ತಪಾಸಣೆಯ ಹಾಳೆ, ಎಲ್ಲರಿಗೂ ಗೊತ್ತು. ಅದರಲ್ಲಿ ಮುಖ್ಯ ಕಲಂ ನಾಲ್ಕು. ಉಸಿರಿನ ದಾರಿ, ಉಪವಾಸ, ಜೊತೆಗಿರುವ ಕಾಯಿಲೆ, ಮತ್ತೆ ರೋಗಿಯ ದೇಹ ಎಷ್ಟು ಕೆಟ್ಟಿದೆ ಅಂತ ಅಂಕಿಯಲ್ಲಿ ಹೇಳುವ ಎಎಸ್‌ಎ ದರ್ಜೆ. ನಾನು ಹಾಳೆ ತುಂಬುವಾಗ ಪ್ರತಿ ಮಾಹಿತಿಯ ಪಕ್ಕ ಒಂದು ಸಣ್ಣ ಗುರುತು ಹಾಕುತ್ತೇನೆ. ಸರ್ಜನ್ ನೋಟ್‌ನಿಂದ ಬಂದರೆ ‘ನೋಟ್’. ರೋಗಿ ಅಥವಾ ಮನೆಯವರು ಹೇಳಿದ್ದಾದರೆ ‘ಮಾತು’. ನಾನೇ ನೋಡಿದ್ದಾದರೆ ‘ಕಣ್ಣು’. ಯಾವುದೂ ಇಲ್ಲದಿದ್ದರೆ ಜಾಗ ಖಾಲಿ ಬಿಟ್ಟು ‘ಕೇಳಿಲ್ಲ’ ಅಂತ ಬರೆಯುತ್ತೇನೆ. ‘ಇಲ್ಲ’ ಬೇರೆ, ‘ಕೇಳಿಲ್ಲ’ ಬೇರೆ. ‘ಅಲರ್ಜಿ ಇಲ್ಲ’ ಅಂತ ಬರೆದ ಹಾಳೆ ನೋಡಿ ರಾತ್ರಿ 2 ಗಂಟೆಗೆ ಯಾರೋ ಇಂಜೆಕ್ಷನ್ ಕೊಡುತ್ತಾರೆ. ಅದನ್ನು ನಿಜವಾಗಿ ಯಾರಾದರೂ ಕೇಳಿದ್ದರಾ ಅಂತ ಹಾಳೆ ಹೇಳಬೇಕು, ಅಲ್ವಾ?

ಈಗ ಆ ನೋಟ್ ಒಂದನ್ನೇ ಇಟ್ಟುಕೊಂಡು ಹಾಳೆ ತುಂಬಿ ನೋಡಿ. ಉಸಿರಿನ ದಾರಿ: ಒಂದಕ್ಷರವೂ ಇಲ್ಲ. ಉಪವಾಸ: ರಾತ್ರಿ 10ರಿಂದ. ಕಾಯಿಲೆ: ಶುಗರ್, ಬಿಪಿ. ದರ್ಜೆ: 2. ಎನ್‌ಎಡಿ ಅಂದರೆ ‘ಅಸಹಜವಾದದ್ದು ಏನೂ ಕಂಡಿಲ್ಲ’ ಅಂತ ಅರ್ಥ. ನಮ್ಮಲ್ಲಿ ಕೆಲವರು ತಮಾಷೆಗೆ ಅದನ್ನು ‘ನೋಡಿಲ್ಲ’ ಅಂತ ಓದುತ್ತಾರೆ. ಅಕ್ಷರ ಸುಮಾರಾಗಿ ಹೊಂದುತ್ತದೆ ಬೇರೆ!

ಉಪವಾಸದ ಕಲಂನಿಂದ ಶುರು ಮಾಡುತ್ತೇನೆ. ಅತಿ ಸುಲಭ ಅಂತ ಎಲ್ಲರೂ ಅಂದುಕೊಳ್ಳುವ ಕಲಂ ಇದು.

ಲೆಕ್ಕ ನಿಮಗೆ ಗೊತ್ತು. ನೀರು, ಹಾಲಿಲ್ಲದ ಚಹಾದಂಥ ತಿಳಿ ದ್ರವಕ್ಕೆ 2 ಗಂಟೆ. ಎದೆಹಾಲಿಗೆ 4. ಹಗುರ ತಿಂಡಿಗೆ, ದನದ ಹಾಲಿಗೆ 6. ಕರಿದದ್ದು, ಮಾಂಸ, ಜಿಡ್ಡಿನ ಊಟಕ್ಕೆ 8 ಅಥವಾ ಇನ್ನೂ ಜಾಸ್ತಿ. ಗಂಜಿ ತೆಳ್ಳಗಿದ್ದರೂ ತಿಳಿ ದ್ರವ ಅಲ್ಲ, ಅದರಲ್ಲಿ ಅಕ್ಕಿ ಉಂಟು. ಹಾಲು ಹಾಕಿದ ಚಹಾವನ್ನು ನಾನು ಹಾಲಿನ ಲೆಕ್ಕಕ್ಕೇ ಹಾಕುತ್ತೇನೆ. ಆದರೆ ಈ ಗಂಟೆಗಳೆಲ್ಲ ಆರೋಗ್ಯವಂತರ ಹೊಟ್ಟೆಗೆ, ಮೊದಲೇ ದಿನ ಗೊತ್ತುಮಾಡಿದ ಆಪರೇಷನ್‌ಗೆ ಮಾಡಿದ ಲೆಕ್ಕ. ಹೊಟ್ಟೆ ತನ್ನ ಪಾಡಿಗೆ ಖಾಲಿಯಾಗುತ್ತಿದೆ ಅಂತ ನಂಬಿಕೊಂಡು ಮಾಡಿದ್ದು.

‘ರಾತ್ರಿ 10ರಿಂದ ಎನ್‌ಬಿಎಂ’ ಅಂದರೇನು? ಆಸ್ಪತ್ರೆಯಲ್ಲಿ ಯಾರೋ 10 ಗಂಟೆಗೆ “ಇನ್ನು ಬಾಯಿಗೆ ಏನೂ ಹಾಕಬೇಡಿ” ಅಂತ ಹೇಳಿದರು ಅಂತ ಅರ್ಥ. ಅದು ಆದೇಶದ ಸಮಯ. ಊಟದ ಸಮಯ ಅಲ್ಲ.

ನಾನು ಹೋಗಿ ಕೇಳಿದೆ. “ಕೊನೆಗೆ ಊಟ ಮಾಡಿದ್ದು ಯಾವಾಗ?”

“ಊಟ ಮಾಡ್ಲಿಲ್ಲ ಡಾಕ್ಟ್ರೇ, ರಾತ್ರಿ ಎಂಥದೂ ಇಲ್ಲ.”

ಇಲ್ಲಿ ಎಚ್ಚರ ಬೇಕು. ನಮ್ಮ ಕಡೆ ಊಟ ಅಂದರೆ ಅನ್ನ. ತುಳುವಿನಲ್ಲಿ ಒಣಸ್ ಅಂದರೂ ಅದೇ. ಚಹಾ, ಬಿಸ್ಕೆಟ್, ಅವಲಕ್ಕಿ, ಎಳನೀರು ಯಾವುದೂ ಊಟದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಒಂದೊಂದರ ಹೆಸರು ಹಿಡಿದು ಕೇಳಬೇಕು. ಹಾಗೆ ಕೇಳಿದಾಗ ಬಂದ ಉತ್ತರ: ಮಧ್ಯಾಹ್ನ ಒಂದೂವರೆಗೆ ಕುಚ್ಚಲಕ್ಕಿ ಅನ್ನ, ಮೀನು ಸಾರು. ಸಂಜೆ 7ಕ್ಕೆ ಅರ್ಧ ಲೋಟ ಚಹಾ, “ನೋವಿಗೆ ಬಿಸಿ ಬಿಸಿ ಕುಡಿದರೆ ಸರಿ ಹೋಗ್ತದೆ ಅಂತ”. ಬರುವ ದಾರಿಯಲ್ಲಿ ಕಾರಿನಲ್ಲಿ ಒಂದು ತಾಂಬೂಲ.

ಆಮೇಲೆ ಅವರ ಹೆಂಡತಿಯನ್ನು ಕೇಳಿದೆ. “ಅಕ್ಕಾ, ವಾಂತಿಯಲ್ಲಿ ಏನು ಬಂತು?” ಅವರು ಸ್ವಲ್ಪ ಮುಖ ಸಿಂಡರಿಸಿ ಹೇಳಿದರು: “ಮಧ್ಯಾಹ್ನದ ಅನ್ನವೇ. ಅಗುಳು ಅಗುಳು ಹಾಗೇ ಇತ್ತು.” ಎರಡನೇ ವಾಂತಿ ರಾತ್ರಿ ಒಂಬತ್ತೂವರೆಗೆ ಆದದ್ದು.

ಒಂದೂವರೆಗೆ ಉಂಡದ್ದು ಒಂಬತ್ತೂವರೆಗೆ ಅಗುಳಾಗಿಯೇ ಬಂದಿದೆ. ಎಂಟು ಗಂಟೆ! ಗಡಿಯಾರ ನೋಡಿದರೆ ಉಪವಾಸ ಮುಗಿದಿದೆ. ಹೊಟ್ಟೆ ನೋಡಿದರೆ ಈಗಷ್ಟೇ ಎಲೆಯಿಂದ ಎದ್ದ ಹಾಗಿದೆ. ಕರುಳಿನ ದಾರಿ ಮುಚ್ಚಿದಾಗ ಕೆಳಗಿನದ್ದು ಮುಂದೆ ಹೋಗುವುದಿಲ್ಲ, ಮೇಲಿಂದ ಸ್ರಾವ ಸೇರುತ್ತಲೇ ಇರುತ್ತದೆ. ಇಂಥವರಿಗೆ ಎಷ್ಟು ಗಂಟೆ ಕಾದರೂ ಹೊಟ್ಟೆ ತುಂಬಿದೆ ಅಂತಲೇ ಹಾಳೆಯಲ್ಲಿ ಬರೆಯಬೇಕು. ಕಾಯುತ್ತಾ ಕೂತರೆ ಕರುಳು ಹಾಳಾಗುತ್ತದೆ, ಹೊಟ್ಟೆ ಖಾಲಿಯಾಗುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸತು, ಆಸ್ಪತ್ರೆಯ ಹೆಸರು ಬೇಡ. ಬೈಕಿನಿಂದ ಬಿದ್ದು ಮುಂಗೈ ಮುರಿದುಕೊಂಡ ಹುಡುಗ. ರಾತ್ರಿ 9ಕ್ಕೆ ನೀರುದೋಸೆ, ಕೋಳಿ ಸಾರು ತಿಂದು ಹೊರಟಿದ್ದ. ಒಂಬತ್ತೂವರೆಗೆ ಬಿದ್ದ. ಬೆಳಿಗ್ಗೆ 7ಕ್ಕೆ ಆಪರೇಷನ್. ಹತ್ತು ಗಂಟೆ ಆಗಿದೆ ಅಂತ ನಾನು ಧೈರ್ಯವಾಗಿ ಮದ್ದು ಕೊಟ್ಟೆ. ಪ್ರಜ್ಞೆ ತಪ್ಪುತ್ತಿದ್ದ ಹಾಗೆ ಬಾಯಿ ತುಂಬ ದೋಸೆ. ತಲೆ ತಗ್ಗಿಸಿ, ಮಗ್ಗುಲಿಗೆ ತಿರುಗಿಸಿ, ಸಕ್ಷನ್ ಹಾಕಿದ್ದಕ್ಕೆ ಬಚಾವಾದ. ಪೆಟ್ಟು, ನೋವು, ನೋವಿಗೆ ಕೊಟ್ಟ ಮಾರ್ಫಿನ್ ಜಾತಿಯ ಇಂಜೆಕ್ಷನ್, ಎಲ್ಲ ಸೇರಿ ಹೊಟ್ಟೆಯ ಕೆಲಸ ನಿಲ್ಲಿಸಿಬಿಡುತ್ತವೆ. ಅಂಥಲ್ಲಿ ನೋಡಬೇಕಾದದ್ದು ಊಟದಿಂದ ಆಪರೇಷನ್‌ವರೆಗಿನ ಗಂಟೆ ಮಾತ್ರ ಅಲ್ಲ, ಊಟದಿಂದ ಪೆಟ್ಟು ಬೀಳುವವರೆಗಿನ ಗಂಟೆ. ಆ ಹುಡುಗನದ್ದು ಅರ್ಧ ಗಂಟೆ. ಅದಕ್ಕೇ ನನ್ನ ಹಾಳೆಯ ಉಪವಾಸದ ಕಲಂನಲ್ಲಿ ‘ನೋವು ಅಥವಾ ಪೆಟ್ಟು ಶುರುವಾದದ್ದು’ ಅಂತ ಒಂದು ಗೆರೆ ಉಂಟು.

ಸಭೆಯಲ್ಲಿ ಒಬ್ಬ ಸಿಸ್ಟರ್ ಕೇಳಿದರು, ತಾಂಬೂಲದಿಂದ ಉಪವಾಸ ಮುರಿಯುತ್ತದಾ ಅಂತ. ರಸ ಉಗಿದರೂ ಚೂರು ಹೊಟ್ಟೆಗೆ ಹೋಗದೆ ಇರುವುದಿಲ್ಲ. ನಾನು ಅದನ್ನು ತಿಂದದ್ದು ಅಂತಲೇ ಹಾಳೆಗೆ ಹಾಕುತ್ತೇನೆ. ಆದರೆ ತಾಂಬೂಲದ ಪ್ರಶ್ನೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಅಡಗಿದೆ. ಅದು ಉಸಿರಿನ ದಾರಿಯ ಕಲಂ.

ಈ ಕಲಂಗೆ ಸರ್ಜರಿ ನೋಟ್‌ನಿಂದ ಏನೂ ಸಿಗುವುದಿಲ್ಲ. ತೊಡೆಸಂದು ನೋಡುವವರಿಗೆ ಬಾಯಿ ನೋಡುವ ಕೆಲಸ ಇಲ್ಲ. ಇದು ಪೂರ್ತಿ ‘ಕಣ್ಣು’ ಗುರುತಿನ ಕಲಂ. ಹಿಂದಿನ ಆಪರೇಷನ್ ಕಾಗದ ಇದ್ದರೆ ಅದರಲ್ಲಿ ಮಾತ್ರ ಸುಳಿವು ಸಿಗಬಹುದು. ಇವರಿಗೆ ಹಿಂದೆ ಆಪರೇಷನ್ ಆದದ್ದೇ ಇಲ್ಲ.

“ಬಾಯಿ ದೊಡ್ಡದಾಗಿ ತೆಗೀರಿ” ಅಂದೆ. ತೆಗೆದರು. “ಇನ್ನೂ.” “ಇಷ್ಟೇ ಡಾಕ್ಟ್ರೇ, ಇದಕ್ಕಿಂತ ಆಗುದಿಲ್ಲ.” ಅವರದೇ ಬೆರಳನ್ನು ಅಡ್ಡಕ್ಕೆ ಇಡಲು ಹೇಳಿದೆ. ಸಾಮಾನ್ಯರಿಗೆ ಮೂರು ಬೆರಳು ಹೋಗಬೇಕು. ಇವರಿಗೆ ಒಂದು ಬೆರಳು ಸಲೀಸು, ಎರಡನೆಯದು ಅರ್ಧಕ್ಕೆ ನಿಂತಿತು. ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ಸ್ಕೇಲ್ ಹಿಡಿದರೆ ಎರಡೂವರೆ ಸೆಂಟಿಮೀಟರ್. ಟಾರ್ಚ್ ಹಾಕಿ ಕೆನ್ನೆಯ ಒಳಗೆ ನೋಡಿದೆ. ಬಿಳಿಚಿಕೊಂಡಿತ್ತು. ಬೆರಳಿಂದ ಮುಟ್ಟಿದರೆ ಒಳಗೆ ಹಗ್ಗದ ಹಾಗೆ ಗಟ್ಟಿ ಪಟ್ಟಿ. ಖಾರ ತಿಂದರೆ ಬಾಯಿ ಉರಿಯುತ್ತದಾ ಅಂತ ಕೇಳಿದೆ. “ನಾಲ್ಕೈದು ವರ್ಷದಿಂದ” ಅಂದರು. ಸುಳ್ಯ ಕಡೆಯವರು, ಮನೆಯದೇ ತೋಟದ ಅಡಿಕೆ, ದಿನಕ್ಕೆ ಏಳೆಂಟು ಸಲ.

ಅಡಿಕೆ ಜಗಿದು ಜಗಿದು ಬಾಯಿಯ ಒಳಪದರದ ಕೆಳಗೆ ನಾರು ಬೆಳೆಯುವ ಕಾಯಿಲೆ ಇದು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತದೆ. ಬಾಯಿ ವರ್ಷಗಟ್ಟಲೆ ನಿಧಾನವಾಗಿ ಮುಚ್ಚಿಕೊಳ್ಳುವುದರಿಂದ ಅವರಿಗೆ ಅದು ಕಾಯಿಲೆ ಅಂತಲೇ ಅನಿಸಿರುವುದಿಲ್ಲ. ‘ಏನಾದರೂ ಕಾಯಿಲೆ ಉಂಟಾ’ ಅಂದರೆ ಹೇಳುವುದೂ ಇಲ್ಲ. ದಕ್ಷಿಣ ಕನ್ನಡದಲ್ಲಿ ಕುಳಿತು ಹಾಳೆ ಮಾಡುವವರು ಬೇರೆ ಊರಿನ ನಮೂನೆ ತಂದು ಇಟ್ಟುಕೊಂಡರೆ ಸಾಲದು. ‘ಅಡಿಕೆ, ಗುಟ್ಕಾ: ದಿನಕ್ಕೆ ಎಷ್ಟು, ಎಷ್ಟು ವರ್ಷ’ ಅಂತ ಒಂದು ಗೆರೆ ಬೇಕೇ ಬೇಕು. ಅದು ಚಟದ ಕಲಂನಲ್ಲಿ ಅಲ್ಲ, ಉಸಿರಿನ ದಾರಿಯ ಕಲಂನಲ್ಲಿ ಇರಬೇಕು.

ಇನ್ನೊಂದು ಸೂಕ್ಷ್ಮ ಹೇಳುತ್ತೇನೆ. ದವಡೆಯ ಹಲ್ಲಿನಲ್ಲಿ ಕೀವಾಗಿ ಬಾಯಿ ತೆಗೆಯಲಾಗದವರಿಗೆ, ನೋವು ಮತ್ತು ಸ್ನಾಯು ಬಿಗಿತವೇ ಕಾರಣ ಆಗಿದ್ದರೆ, ಮದ್ದು ಕೊಟ್ಟ ಮೇಲೆ ಬಾಯಿ ಸ್ವಲ್ಪ ಸಡಿಲ ಆಗಬಹುದು. ನಾರು ಬೆಳೆದ ಬಾಯಿ ಹಾಗಲ್ಲ. ಸ್ನಾಯು ಸಡಿಲಿಸುವ ಮದ್ದು ಎಷ್ಟು ಕೊಟ್ಟರೂ ಎರಡೂವರೆ ಎರಡೂವರೆಯೇ. ಅದಕ್ಕೆ ‘ಬಾಯಿ ಕಡಿಮೆ ತೆರೆಯುತ್ತದೆ’ ಅಂತಷ್ಟೇ ಬರೆದು ಬಿಡಬೇಡಿ, ಕಾರಣವನ್ನೂ ಬರೆಯಿರಿ.

ಮಲ್ಲಂಪಾಟಿ ಅಂಕಿ ಎಷ್ಟು ಅಂತ ಕೇಳುತ್ತೀರಿ. ಆಂಧ್ರ ಮೂಲದ ಡಾ. ಮಲ್ಲಂಪಾಟಿ 1985ರಲ್ಲಿ ಅಮೆರಿಕದಲ್ಲಿದ್ದಾಗ ಪ್ರಕಟಿಸಿದ ಪರೀಕ್ಷೆ ಅದು. ನೆಟ್ಟಗೆ ಕೂತು, ಬಾಯಿ ಪೂರ್ತಿ ತೆರೆದು, ನಾಲಗೆ ಚಾಚಿ, ‘ಆ’ ಅನ್ನದೆ ಇದ್ದಾಗ ಕಿರುನಾಲಗೆ ಎಷ್ಟು ಕಾಣುತ್ತದೆ ಅಂತ ನೋಡುವುದು. ಮೊದಲು ಮೂರು ದರ್ಜೆ ಇತ್ತು, 1987ರಲ್ಲಿ ನಾಲ್ಕಾಯಿತು. ಬಾಯಿಯೇ ತೆರೆಯದವರಲ್ಲಿ ಆ ಅಂಕಿಗೆ ಏನರ್ಥ? ‘4’ ಅಂತ ತುಂಬುವವರೂ ಇದ್ದಾರೆ. ನಾನು ‘ನೋಡಲು ಆಗಲಿಲ್ಲ, ಬಾಯಿ ಒಂದೂವರೆ ಬೆರಳು’ ಅಂತ ಬರೆಯುತ್ತೇನೆ. ಹಾಗೆ ಬರೆದರೆ ಓದುವವರು ಎದ್ದು ಕೂರುತ್ತಾರೆ. ಕುತ್ತಿಗೆ ಹಿಂದಕ್ಕೆ ಚೆನ್ನಾಗಿ ಬಾಗುತ್ತಿತ್ತು, ಅಲ್ಲಾಡುವ ಹಲ್ಲು ಇರಲಿಲ್ಲ, ಗಡ್ಡ ಇರಲಿಲ್ಲ. ಅವನ್ನೂ ಬರೆದೆ.

ಈಗ ಎರಡು ಕಲಂ ಅಕ್ಕಪಕ್ಕ ಇಟ್ಟು ಓದಿ. ಹೊಟ್ಟೆ ತುಂಬಿದವರಿಗೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಮದ್ದು ಕೊಟ್ಟು ನಿಮಿಷದೊಳಗೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಮುಗಿಸುತ್ತೇವೆ. ಈ ಬಾಯಿಗೆ ಅಷ್ಟು ಬೇಗ ಟ್ಯೂಬ್ ಹಾಕಲಾಗುವುದಿಲ್ಲ. ಒಂದೊಂದನ್ನೇ ನಿಭಾಯಿಸಬಹುದಿತ್ತು, ಎರಡೂ ಒಟ್ಟಿಗೆ ಬಂದಾಗ ಆ ದಾರಿ ಮುಚ್ಚಿತು. ಹಾಗಾದರೆ ಬೆನ್ನಿಗೆ ಸೂಜಿ ಹಾಕಿ ಕೆಳಭಾಗ ಮಾತ್ರ ಮರಗಟ್ಟಿಸುವ ಸ್ಪೈನಲ್ ಕೊಟ್ಟರಾಯಿತು, ಎಚ್ಚರದಲ್ಲೇ ಇರುತ್ತಾರಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಹೇಳಿದರು. ನನಗೂ ಮೊದಲು ಅದೇ ಅನಿಸಿದ್ದು.

ಆಗ ಮೂರನೇ ಕಲಂ. ನೋಟ್‌ನಲ್ಲಿ ‘ಮಾತ್ರೆ ತೆಗೆದುಕೊಳ್ಳುತ್ತಾರೆ’ ಅಂತ ಇತ್ತು. ಯಾವ ಮಾತ್ರೆ? ರೋಗಿಗೆ ಹೆಸರು ಗೊತ್ತಿಲ್ಲ. “ಒಂದು ಬಿಳಿ, ಒಂದು ಹಳದಿ, ಒಂದು ರಾತ್ರಿಯದ್ದು.” ಇಂಥಲ್ಲಿ ಬಾಯಿಮಾತನ್ನು ನೆಚ್ಚಬೇಡಿ. ಮಾತ್ರೆಯ ಪಟ್ಟಿಯನ್ನೇ ತರಿಸಿ. ಅವರ ಹೆಂಡತಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಒಳಗೆ ಅರ್ಧ ಖಾಲಿಯಾದ ನಾಲ್ಕು ಪಟ್ಟಿ. ಟೆಲ್ಮಿಸಾರ್ಟನ್, ಬಿಪಿಗೆ. ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್, ಶುಗರಿಗೆ. ನಾಲ್ಕನೆಯದು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಸೇರಿದ, ರಕ್ತ ತೆಳ್ಳಗಾಗಿಸುವ ಗುಳಿಗೆ.

“ಅಕ್ಕಾ, ಇದು ಯಾವುದಕ್ಕೆ?”

“ಅದು ಹಾರ್ಟಿಂದು. ಎರಡು ವರ್ಷ ಮೊದಲು ಸ್ಟೆಂಟ್ ಹಾಕಿದ್ದಾರಲ್ಲ.”

“ಹಿಂದೆ ಆಪರೇಷನ್ ಆಗಿಲ್ಲ ಅಂದ್ರಲ್ಲ?”

“ಅದು ಆಪರೇಷನ್ ಅಲ್ಲ ಡಾಕ್ಟ್ರೇ, ಕೈಯಿಂದ ಸೂಜಿ ಹಾಕಿ ಮಾಡಿದ್ದು.”

ತಪ್ಪು ಯಾರದೂ ಅಲ್ಲ. ಕೊಯ್ಯದ್ದು ಆಪರೇಷನ್ ಅಲ್ಲ ಅನ್ನುವುದು ಅವರ ಲೆಕ್ಕ, ಊಟದ ಲೆಕ್ಕದ ಹಾಗೆಯೇ. ಅಂದಿನಿಂದ ನಾನು ‘ಎದೆಗೆ ಬಲೂನ್, ಸ್ಟೆಂಟ್ ಹಾಕಿದ್ದುಂಟಾ’ ಅಂತ ಬೇರೆಯಾಗಿಯೇ ಕೇಳುತ್ತೇನೆ.

ಕ್ಲೋಪಿಡೋಗ್ರೆಲ್ ನಿನ್ನೆ ರಾತ್ರಿ ತೆಗೆದುಕೊಂಡಿದ್ದರು. ಬೆನ್ನಿಗೆ ಸೂಜಿ ಹಾಕಬೇಕಾದರೆ ಅದನ್ನು ನಿಲ್ಲಿಸಿ 5ರಿಂದ 7 ದಿನ ಆಗಿರಬೇಕು. ಇಲ್ಲದಿದ್ದರೆ ಬೆನ್ನುಹುರಿಯ ಪಕ್ಕ ರಕ್ತ ಸೋರಿ ಗಡ್ಡೆ ಕಟ್ಟಿ ಕಾಲಿನ ಶಕ್ತಿಯೇ ಹೋಗುವ ಅಪಾಯ ಇದೆ. ಆಸ್ಪಿರಿನ್ ಒಂದೇ ಆಗಿದ್ದರೆ ಮಾತು ಬೇರೆ ಇತ್ತು. ಸ್ಪೈನಲ್‌ನ ಬಾಗಿಲೂ ಮುಚ್ಚಿತು.

ಡಪಾಗ್ಲಿಫ್ಲೋಜಿನ್ ಬಗ್ಗೆ ಎರಡು ಮಾತು. ಈಗೀಗ ಜಾಸ್ತಿ ಜನ ತೆಗೆದುಕೊಳ್ಳುತ್ತಾರೆ, ನೋಟ್‌ನಲ್ಲಿ ಬರೀ ‘ಶುಗರ್ ಮಾತ್ರೆ’ ಅಂತ ಇರುತ್ತದೆ. ದಿನ ಗೊತ್ತುಮಾಡಿದ ಆಪರೇಷನ್ ಆದರೆ 3 ದಿನ ಮೊದಲೇ ನಿಲ್ಲಿಸುತ್ತೇವೆ. ಇದನ್ನು ತೆಗೆದುಕೊಳ್ಳುವವರು ಹೊಟ್ಟೆಗಿಲ್ಲದೆ ವಾಂತಿ ಮಾಡುತ್ತಿದ್ದರೆ, ಶುಗರ್ ಅಷ್ಟೇನೂ ಏರದೆಯೂ ರಕ್ತದಲ್ಲಿ ಕೀಟೋನ್ ಏರಿ ಆಮ್ಲ ತುಂಬಬಹುದು. ಇವರ ಶುಗರ್ 168. ನೋಡಿದರೆ ನೆಮ್ಮದಿ ಆಗುವ ಅಂಕಿ. ಅದನ್ನು ನಂಬದೆ ಕೀಟೋನ್ ಮಾಡಿಸಿದೆ. 1.2 ಬಂತು. 3 ದಾಟಿದರೆ ಗಾಬರಿ. ಇದು ನಡುವಿನದ್ದು, ಮತ್ತೆ ಮತ್ತೆ ನೋಡುತ್ತಿರಬೇಕು. ಹಾಳೆಯಲ್ಲಿ ಹಾಗೇ ಬರೆದೆ.

ಹೃದಯದ ತಾಕತ್ತಿಗೆ ಎಕೋ ರಿಪೋರ್ಟ್ ಒಂದೇ ಸಾಲದು. ನಮ್ಮ ಕಡೆ ಕೇಳಲು ಸುಲಭದ ಪ್ರಶ್ನೆ ಉಂಟು. “ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ನಿಲ್ಲಬೇಕಾ?” ಇವರು ಹುಲ್ಲಿನ ಹೊರೆ ಹೊತ್ತು ನಿಲ್ಲದೆ ಹತ್ತುತ್ತಾರೆ. ಎರಡು ಮಹಡಿ ಮೆಟ್ಟಿಲಿಗೆ ಅದು ಧಾರಾಳ ಸಮ.

ಕೊನೆಗೆ ದರ್ಜೆ. ನೋಟ್‌ನಲ್ಲಿ ಎಎಸ್‌ಎ 2 ಅಂತ ಇತ್ತು. ಹಿಡಿತದಲ್ಲಿರುವ ಶುಗರ್, ಬಿಪಿ ಮಾತ್ರ ಗೊತ್ತಿದ್ದವರಿಗೆ ಅದು ಸರಿಯೇ. ಸ್ಟೆಂಟ್ ಹಾಕಿ 3 ತಿಂಗಳು ದಾಟಿದವರು 3ಕ್ಕೆ ಬರುತ್ತಾರೆ. 3 ತಿಂಗಳೊಳಗೆ ಆಗಿದ್ದರೆ 4. ತಡ ಮಾಡಿದರೆ ಜೀವಕ್ಕೋ ಅಂಗಕ್ಕೋ ಅಪಾಯ ಜಾಸ್ತಿ ಆಗುವಂತಿದ್ದರೆ ಅಂಕಿಯ ಜೊತೆ ಇ ಸೇರುತ್ತದೆ. ಹಾಗಾಗಿ 3ಇ. ನಾನು ಅಂಕಿಯ ಪಕ್ಕ ‘ಸ್ಟೆಂಟ್ 2 ವರ್ಷ, ಕರುಳು ಸಿಕ್ಕಿದೆ’ ಅಂತ ಕಾರಣವನ್ನೂ ಬರೆಯುತ್ತೇನೆ. ಒಬ್ಬರೇ ರೋಗಿಗೆ ಇಬ್ಬರು ವೈದ್ಯರು ಬೇರೆ ಬೇರೆ ಅಂಕಿ ಕೊಡುವುದು ಹೊಸದಲ್ಲ. ಕಾರಣ ಇದ್ದರೆ ಜಗಳ ಕಡಿಮೆ.

ಆದರೆ ಈ ದರ್ಜೆಗೆ ತಿಳಿಯದ ವಿಷಯ ಇದೆ. 1941ರಲ್ಲಿ ಅಮೆರಿಕದಲ್ಲಿ ಮೂವರು ವೈದ್ಯರು ಇದನ್ನು ಮೊದಲು ಮಾಡಿದ್ದು ಅಂಕಿ-ಅಂಶ ಕಲೆಹಾಕುವುದಕ್ಕೆ. ರೋಗಿಯ ದೇಹ ಎಷ್ಟು ಕೆಟ್ಟಿದೆ ಅಂತ ಮಾತ್ರ ಅದು ಹೇಳಬೇಕಿತ್ತು, ಆಪರೇಷನ್ ಎಷ್ಟು ಅಪಾಯದ್ದು ಅಂತ ಅಲ್ಲ. ಇವರ ಬಾಯಿ ತೆರೆಯದಿರುವುದು ಆ ಅಂಕಿಯಲ್ಲಿ ಇಲ್ಲ. ಹೊಟ್ಟೆಯಲ್ಲಿರುವ ಅನ್ನವೂ ಇಲ್ಲ. ಮೂರು ಬೆರಳು ಬಾಯಿ ತೆರೆಯುವ, ಬೆಳಿಗ್ಗೆಯಿಂದ ಉಪವಾಸ ಇರುವ, ಸ್ಟೆಂಟ್ ಹಾಕಿಸಿಕೊಂಡ ಇನ್ನೊಬ್ಬರೂ 3ರಲ್ಲೇ ಬರುತ್ತಾರೆ. ಹಾಳೆಯಲ್ಲಿ ದರ್ಜೆ ಮಾತ್ರ ನೋಡಿ ಪುಟ ಮಗುಚುವವರಿದ್ದಾರೆ. ಅದಕ್ಕೆ ನಾನು ದರ್ಜೆಯ ಕೆಳಗೆ ಕೆಂಪು ಪೆನ್ನಲ್ಲಿ ಒಂದು ಸಾಲು ಬರೆದೆ: “ಬಾಯಿ ಒಂದೂವರೆ ಬೆರಳು, ಹೊಟ್ಟೆ ತುಂಬಿದೆ, ಸ್ಪೈನಲ್ ಇಲ್ಲ.”

ಆ ಸಾಲು ಓದಿದ ಮೇಲೆ ಸರ್ಜನ್ ಜೊತೆ ಮಾತು ಐದು ನಿಮಿಷದಲ್ಲಿ ಮುಗಿಯಿತು. ರೈಲ್ಸ್ ಟ್ಯೂಬ್ ಹಾಕಿ ಹೊಟ್ಟೆಯಲ್ಲಿದ್ದದ್ದನ್ನು ಆದಷ್ಟು ಎಳೆದೆವು. ಅಗುಳು ಟ್ಯೂಬಿನಲ್ಲಿ ಪೂರ್ತಿ ಬರುವುದಿಲ್ಲ, ಅದು ಗೊತ್ತಿದ್ದೇ ಮುಂದುವರಿದೆವು. ಗಂಟಲಿಗೆ ಲಿಗ್ನೋಕೇನ್ ಹಾಕಿ ಮರಗಟ್ಟಿಸಿ, ಎಚ್ಚರದಲ್ಲೇ, ಅವರೇ ಉಸಿರಾಡುತ್ತಿರುವಾಗಲೇ ಫೈಬರ್‌ಆಪ್ಟಿಕ್ ಸ್ಕೋಪ್‌ನಿಂದ ಟ್ಯೂಬ್ ಹಾಕುವುದು ಅಂತ ತೀರ್ಮಾನ. ಇಂಥ ಬಾಯಿಗೆ ಸಾಮಾನ್ಯವಾಗಿ ಮೂಗಿನಿಂದ ಹೋಗುತ್ತೇವೆ, ಸುಲಭ. ಇಲ್ಲಿ ಮೂರನೇ ಕಲಂ ಮತ್ತೆ ಅಡ್ಡ ಬಂತು. ಕ್ಲೋಪಿಡೋಗ್ರೆಲ್ ಇರುವ ಮೂಗಿಗೆ ಟ್ಯೂಬ್ ತುರುಕಿದರೆ ರಕ್ತ ಬರಬಹುದು. ಸ್ಕೋಪ್‌ನ ತುದಿಗೆ ಒಂದು ಹನಿ ರಕ್ತ ಹತ್ತಿದರೆ ಸಾಕು, ಏನೂ ಕಾಣುವುದಿಲ್ಲ. ಹಾಗಾಗಿ ಆ ಒಂದೂವರೆ ಬೆರಳಿನ ಸಂದಿನಿಂದಲೇ, ಬಾಯಿಯಿಂದ. ಪಕ್ಕದಲ್ಲಿ ಇಎನ್‌ಟಿ ಡಾಕ್ಟರು ಕುತ್ತಿಗೆಗೆ ಗುರುತು ಹಾಕಿ ನಿಂತಿದ್ದರು, ಬೇಕಾದರೆ ಅಲ್ಲಿಂದ ದಾರಿ ಮಾಡಲು. ಬೇಕಾಗಲಿಲ್ಲ. ಕರುಳು ಕಪ್ಪಾಗಿತ್ತು, ಬಿಡಿಸಿ ಬಿಸಿನೀರಿನ ಬಟ್ಟೆ ಇಟ್ಟು ಕಾದಾಗ ಕೆಂಪಿಗೆ ಬಂತು. ಆಪರೇಷನ್ ಮುಗಿದ ಮೇಲೂ ಪೂರ್ತಿ ಎಚ್ಚರ ಆಗುವವರೆಗೆ ಟ್ಯೂಬ್ ತೆಗೆಯಲಿಲ್ಲ. ಹಾಕುವಾಗ ಕಷ್ಟವಾದ ಬಾಯಿ ತೆಗೆಯುವಾಗಲೂ ಅದೇ ಬಾಯಿ.

ಒಬ್ಬ ಹೌಸ್ ಸರ್ಜನ್ ಕೇಳಿದರು: “ಸರ್, ಇಷ್ಟೆಲ್ಲ ಕೇಳಲಿಕ್ಕೆ ರಾತ್ರಿ ಟೈಮ್ ಎಲ್ಲುಂಟು?” ನಾನು ಅಂದು ಗಡಿಯಾರ ನೋಡಿದ್ದೆ. ಊಟದ ಪ್ರಶ್ನೆ, ವಾಂತಿಯ ಪ್ರಶ್ನೆ, ಬಾಯಿಗೆ ಬೆರಳು, ಮಾತ್ರೆಯ ತೊಟ್ಟೆ, ಎಲ್ಲ ಸೇರಿ ಹನ್ನೆರಡು ನಿಮಿಷ. ಓಟಿ ತಯಾರಾಗಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಹನ್ನೆರಡು ನಿಮಿಷವೂ ಇಲ್ಲದ ರಾತ್ರಿ ಇರುತ್ತದೆ, ಒಪ್ಪುತ್ತೇನೆ. ಆಗ ಬಾಯಿ ಮತ್ತು ತೊಟ್ಟೆ, ಎರಡೇ ನೋಡಿ. ಉಳಿದ ಕಡೆ ‘ಕೇಳಿಲ್ಲ’ ಅಂತ ಬರೆಯಿರಿ.

ಮನೆಗೆ ಹೋಗುವ ದಿನ ಅವರಿಗೆ ಒಂದು ಚೀಟಿ ಬರೆದುಕೊಟ್ಟೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಬಾಯಿ ಎಷ್ಟು ತೆರೆಯುತ್ತದೆ, ಯಾಕೆ, ಟ್ಯೂಬ್ ಹಾಕಿದ್ದು ಹೇಗೆ, ಯಾವ ಅಳತೆಯದ್ದು. ಮುಂದೆ ಎಲ್ಲಿ ಏನೇ ಆಪರೇಷನ್ ಆದರೂ ಮೊದಲು ಇದನ್ನು ತೋರಿಸಿ ಅಂದೆ. ಬಾಯಿಯ ಕಾಯಿಲೆಗೆ ದಂತವೈದ್ಯರಿಗೊಂದು ಕಾಗದವನ್ನೂ ಕೊಟ್ಟೆ, ಅಡಿಕೆ ಬಿಡಿ ಅಂತಲೂ ಹೇಳಿದೆ. ಅಡಿಕೆಯ ಮಾತಿಗೆ ಅವರು ನಕ್ಕರು. ಹೆಂಡತಿ ನಗಲಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮಾತ್ರೆಯ ತೊಟ್ಟೆಯೊಳಗೆ ಹಾಕಿ, ಬಾಯಿಗೆ ಗಂಟು ಹಾಕಿದರು.